ಅಲರ್ಟ್ ಯಾವ ಅಂಕಿಗೆ ಇಡಬೇಕು?

ಅಂಗಡಿ ಆಪ್ ಆಗಲಿ ಶೇರಿನ ಆಪ್ ಆಗಲಿ, ಬೆಲೆ ಇಳಿದರೆ ತಿಳಿಸು ಅಂತ ಅದಕ್ಕೆ ಹೇಳುವುದು ತುಂಬಾ ಸುಲಭ. ಗಂಟೆಯ ಚಿತ್ರ ಒತ್ತಿ, ಒಂದು ಅಂಕಿ ಹಾಕಿ, ಸೇವ್ ಮಾಡಿದರೆ ಮುಗಿಯಿತು. ಆದರೆ ಆ ಅಂಕಿ ಎಲ್ಲಿಂದ ಬಂತು? ಹೆಚ್ಚಿನವರು ಕೊನೆಗೆ ಸೊನ್ನೆ ಬರುವ ಒಂದು ಅಂಕಿ ಹಾಕುತ್ತಾರೆ, ಇಲ್ಲವೇ ಆಪ್ ತಾನಾಗಿ ತೋರಿಸುವ ಶೇಕಡಾ 5 ಅನ್ನೇ ಒಪ್ಪಿಕೊಳ್ಳುತ್ತಾರೆ. ನಾನೂ ಹಾಗೇ ಮಾಡಿದ್ದೆ. ನನ್ನ ಪಟ್ಟಿಯಲ್ಲಿದ್ದ 14 ಶೇರುಗಳಿಗೂ ಈಗಿನ ಬೆಲೆಗಿಂತ ಶೇಕಡಾ 3 ಕೆಳಗೆ ಅಲರ್ಟ್ ಇಟ್ಟಿದ್ದೆ. ದಿನಕ್ಕೆ ಎರಡು ಮೂರು ಸಲ ಫೋನ್ ಕೂಗುತ್ತಿತ್ತು. ಮೊದಲ ವಾರ ಪ್ರತಿ ಸಲವೂ ತೆರೆದು ನೋಡಿದೆ, ಎರಡನೇ ವಾರ ತೆರೆಯದೆ ಸರಿಸಿದೆ, ಮೂರನೇ ವಾರ ಆ ಆಪ್‌ನ ನೋಟಿಫಿಕೇಶನ್ನೇ ಆಫ್ ಮಾಡಿಬಿಟ್ಟೆ. ಅದರಲ್ಲಿ ಒಂದು ಕಂಪನಿಯ ಲೆಕ್ಕಪತ್ರ ಕೆಟ್ಟದಾಗಿ ಬಂದು ಶೇರು ನಿಜವಾಗಿಯೂ ಕುಸಿದಾಗ ನನಗೆ ಗೊತ್ತಾಗಿದ್ದು ನಾಲ್ಕು ದಿನ ಬಿಟ್ಟು.

ಆಮೇಲೆ ಕೂತು ಲೆಕ್ಕ ಹಾಕಿದಾಗ ಅರ್ಥವಾಯಿತು. ಆ ಅಲರ್ಟ್‌ಗಳು ಹೇಳುತ್ತಿದ್ದುದು ಒಂದೇ ವಿಷಯ: ಶೇರು ಎಂದಿನಂತೆ ಅಲ್ಲಾಡುತ್ತಿದೆ ಅಂತ. ಅದು ನನಗೆ ಬೇಕಿರಲಿಲ್ಲ.

ಅಂಗಡಿ ಆಪ್‌ನ ಬೆಲೆ ಮತ್ತು ಶೇರಿನ ಬೆಲೆ ಎರಡೂ ಏರುತ್ತವೆ, ಇಳಿಯುತ್ತವೆ ನಿಜ. ಆದರೆ ಇಳಿಯುವ ರೀತಿ ಬೇರೆ. ಅಂಗಡಿಯಲ್ಲಿ ಬೆಲೆಯನ್ನು ಯಾರೋ ಒಬ್ಬರು, ಅಥವಾ ಅವರ ಪ್ರೋಗ್ರಾಂ, ನಿರ್ಧರಿಸುತ್ತದೆ. ಹಾಗಾಗಿ ಅದು ಮೆಟ್ಟಿಲಿನಂತೆ: ಒಂದು ಬೆಲೆಯಲ್ಲಿ ದಿನಗಟ್ಟಲೆ ನಿಲ್ಲುತ್ತದೆ, ಥಟ್ ಅಂತ ಇನ್ನೊಂದಕ್ಕೆ ಇಳಿಯುತ್ತದೆ. ಶೇರಿನ ಬೆಲೆ ಅಲೆಯ ಹಾಗೆ. ಸುದ್ದಿ ಏನೂ ಇಲ್ಲದಿದ್ದರೂ ಅಲ್ಲಾಡುತ್ತಲೇ ಇರುತ್ತದೆ. ಅಲರ್ಟ್ ಇಡುವುದೆಂದರೆ ಬೆಲೆಗೆ ಒಂದು ಗೆರೆ ಎಳೆದ ಹಾಗೆ. ಮೆಟ್ಟಿಲಿಗೆ ಗೆರೆ ಎಳೆಯುವ ಲೆಕ್ಕ ಬೇರೆ, ಅಲೆಗೆ ಗೆರೆ ಎಳೆಯುವ ಲೆಕ್ಕ ಬೇರೆ. ಎರಡಕ್ಕೂ ಒಂದೇ ಶೇಕಡಾ ಹಾಕಿದರೆ ಎರಡು ಕಡೆಯೂ ಕೆಲಸ ಕೆಡುತ್ತದೆ.

ಮೊದಲು ಮೆಟ್ಟಿಲು. ನನ್ನ ತಂಗಿಗೆ ಒಂದು ಹೆಡ್‌ಫೋನ್ ಬೇಕಿತ್ತು. ಆಪ್‌ನಲ್ಲಿ ಅವತ್ತಿನ ಬೆಲೆ 5,499. ಪಕ್ಕದಲ್ಲಿ 8,000 ಅಂತ ಬರೆದು ಅಡ್ಡಗೆರೆ ಎಳೆದಿತ್ತು. "ಅಕ್ಕಾ, ಶೇಕಡಾ 5 ಇಳಿದರೆ ಹೇಳು ಅಂತ ಇಡ್ಲಾ?" ಅಂದಳು. ನಾನು ಮೊದಲು ಹಳೆಯ ಬೆಲೆಗಳ ಗ್ರಾಫ್ ನೋಡೋಣ ಅಂದೆ. Keepa, camelcamelcamel ಥರದ ಸೈಟ್‌ಗಳು ಅಮೆಜಾನ್‌ನಲ್ಲಿನ ಬೆಲೆಗಳನ್ನು ದಿನದಿನವೂ ದಾಖಲಿಸಿ ಗ್ರಾಫ್ ಆಗಿ ತೋರಿಸುತ್ತವೆ. ಬೇರೆ ಅಂಗಡಿಗಳಿಗೂ ಇಂಥವು ಇವೆ, ಕೆಲವು ಆಪ್‌ಗಳ ಒಳಗೇ ಇರುತ್ತದೆ. 90 ದಿನಗಳ ಗ್ರಾಫ್‌ನಲ್ಲಿ ಕಂಡದ್ದು ಇಷ್ಟು: 61 ದಿನ 5,499, 20 ದಿನ 5,999, ಎರಡು ಕಂತಿನಲ್ಲಿ ಒಟ್ಟು 8 ದಿನ 4,799, ಒಂದೇ ಒಂದು ದಿನ ಕೆಲವು ಗಂಟೆ 4,499. ಅಡ್ಡಗೆರೆ ಎಳೆದ 8,000 ಒಂದು ದಿನವೂ ಇರಲಿಲ್ಲ! ಅಂದರೆ ಆ ಅಂಕಿಯನ್ನು ಲೆಕ್ಕಕ್ಕೇ ತೆಗೆದುಕೊಳ್ಳಬಾರದು. ಈ ಹೆಡ್‌ಫೋನ್‌ನ ಮಾಮೂಲಿ ಬೆಲೆ 5,499, ಅಗ್ಗವಾದಾಗ 4,799.

ಈಗ ಶೇಕಡಾ 5 ಕೆಳಗೆ ಅಂದರೆ 5,224. ಆ ಬೆಲೆಯಲ್ಲಿ ಈ ವಸ್ತು ಎಂದೂ ನಿಂತೇ ಇಲ್ಲ. 5,499ರಿಂದ ನೇರವಾಗಿ 4,799ಕ್ಕೆ ಹಾರುತ್ತದೆ. ಹಾಗಾಗಿ ಅಲರ್ಟ್ 5,224ಕ್ಕೆ ಇಟ್ಟರೂ ಅಷ್ಟೇ, 4,900ಕ್ಕೆ ಇಟ್ಟರೂ ಅಷ್ಟೇ, ಎರಡೂ ಒಂದೇ ಗಳಿಗೆಯಲ್ಲಿ ಕೂಗುತ್ತವೆ. ಎರಡು ಮೆಟ್ಟಿಲುಗಳ ನಡುವೆ ಎಲ್ಲಿ ಗೆರೆ ಎಳೆದರೂ ವ್ಯತ್ಯಾಸವಿಲ್ಲ. ವ್ಯತ್ಯಾಸ ಬರುವುದು ಮೆಟ್ಟಿಲಿನ ಅಂಚಿನಲ್ಲಿ. ತಂಗಿ ಗ್ರಾಫ್ ನೋಡಿದ ಮೇಲೆ ಸರಿಯಾಗಿ 4,799 ಹಾಕಲು ಹೊರಟಿದ್ದಳು. ಬೇಡ, 4,850 ಹಾಕು ಅಂದೆ. ಯಾಕೆಂದರೆ ಮುಂದಿನ ಸಲ ಅಂಗಡಿಯವರು 4,799ಕ್ಕೇ ಇಳಿಸುತ್ತಾರೆ ಅನ್ನುವ ಖಾತ್ರಿ ಇಲ್ಲ, 4,829 ಮಾಡಬಹುದು. ಆಗ ಮೂವತ್ತರ ವ್ಯತ್ಯಾಸಕ್ಕೆ ಅಲರ್ಟ್ ಬಾಯಿಮುಚ್ಚಿ ಕೂರುತ್ತದೆ, ನಮಗೆ ಬೆಲೆ ಇಳಿದಿದ್ದೇ ತಿಳಿಯುವುದಿಲ್ಲ. ಹಳೆಯ ಅಗ್ಗದ ಬೆಲೆಗಿಂತ ಶೇಕಡಾ ಒಂದೆರಡು ಮೇಲೆ ಗೆರೆ ಇಡುವುದು ಈ ಕಾರಣಕ್ಕೆ.

ಹಾಗಾದರೆ 4,499ಕ್ಕೆ ಇಡಬಾರದಾ? ಆ ಬೆಲೆ 90 ದಿನಗಳಲ್ಲಿ ಒಂದೇ ಸಲ, ಅದೂ ಕೆಲವು ಗಂಟೆ ಮಾತ್ರ ಬಂದಿತ್ತು. ಬೆಲೆ ನೋಡುವ ಪ್ರೋಗ್ರಾಂಗಳು ಪ್ರತಿ ಕ್ಷಣವೂ ನೋಡುತ್ತಾ ಕೂರುವುದಿಲ್ಲ, ಆಗಾಗ ಹೋಗಿ ನೋಡಿ ಬರುತ್ತವೆ. ಅದು ನೋಡಿ, ನಮಗೆ ತಿಳಿಸಿ, ನಾವು ಫೋನ್ ಎತ್ತುವಷ್ಟರಲ್ಲಿ ಬೆಲೆ ಮತ್ತೆ ಮೇಲೇರಿರಬಹುದು. ಕಡಿಮೆ ಬೆಲೆ ಎಷ್ಟು ಹೊತ್ತು ನಿಂತಿತ್ತು ಅನ್ನುವುದನ್ನು ನೋಡದೆ ಬರೀ ಅಂಕಿ ನೋಡಿ ಗೆರೆ ಇಟ್ಟವರು ತಿಂಗಳುಗಟ್ಟಲೆ ಸುಮ್ನೆ ಕಾಯುತ್ತಾರೆ.

ಕಾಯುವ ಲೆಕ್ಕವನ್ನೂ ಇದೇ ಗ್ರಾಫ್‌ನಿಂದ ಮಾಡಬಹುದು. 4,799 ಎರಡು ಸಲ ಬಂದಿದ್ದು 90 ದಿನಗಳಲ್ಲಿ. ಅಂದರೆ ಹತ್ತಿರ ಹತ್ತಿರ 45 ದಿನಕ್ಕೊಮ್ಮೆ. ಎರಡೇ ಸಲದ ಆಧಾರದ ಮೇಲೆ ಹೇಳಿದ್ದರಿಂದ ಇದು ಅಂದಾಜು ಮಾತ್ರ. ಆದರೂ ತಂಗಿಯ ಮುಂದೆ ಪ್ರಶ್ನೆ ಸ್ಪಷ್ಟವಾಯಿತು: 700 ಉಳಿಸಲು ಒಂದೂವರೆ ತಿಂಗಳು ಹೆಡ್‌ಫೋನ್ ಇಲ್ಲದೆ ಇರುತ್ತೀಯಾ? ಅವಳ ಹಳೆಯದು ಇನ್ನೂ ನಡೆಯುತ್ತಿತ್ತು. ಕಾಯ್ತೀನಿ ಅಂದಳು. 37ನೇ ದಿನ ಅಲರ್ಟ್ ಬಂತು, ಬೆಲೆ 4,829. ಅವಳು ಕೊಳ್ಳುವ ಮುಂಚೆ ಎರಡು ವಿಷಯ ನೋಡಿದಳು. ಮಾರುವವರು ಮೊದಲಿನವರೇನಾ, ಬಣ್ಣ ಅದೇನಾ. ಒಂದೇ ಪುಟದಲ್ಲಿ ಬೇರೆ ಬೇರೆ ಮಾರಾಟಗಾರರು, ಬೇರೆ ಬೇರೆ ಬಣ್ಣಗಳು ಇರುತ್ತವೆ. ಯಾರಿಗೂ ಬೇಡದ ಒಂದು ಬಣ್ಣ ಅಗ್ಗವಾದರೂ, ಬಳಸಿ ವಾಪಸ್ ಬಂದ ಪೀಸ್ ಸೇರಿಸಿದರೂ ಕೆಲವು ಅಲರ್ಟ್‌ಗಳು ಕೂಗುತ್ತವೆ. ಸಾಗಣೆ ಖರ್ಚನ್ನು ಲೆಕ್ಕಕ್ಕೆ ಹಿಡಿಯದ ಅಲರ್ಟ್‌ಗಳೂ ಇವೆ.

ಅಂಗಡಿ ವಿಷಯದಲ್ಲಿ ಇನ್ನೊಂದು ಮಾತು. ಆಯ್ಕೆ ಇದ್ದರೆ ಶೇಕಡಾ ಬಿಟ್ಟು ಬೆಲೆಯನ್ನೇ ಹಾಕಿ. ಶೇಕಡಾ ಅಂದರೆ ಯಾವುದರ ಶೇಕಡಾ? ನೀವು ಪಟ್ಟಿಗೆ ಸೇರಿಸಿದ ದಿನ ಬೆಲೆ 5,999 ಇದ್ದು, ಆಮೇಲೆ ಮಾಮೂಲಿ 5,499ಕ್ಕೆ ಬಂದರೆ ಅದೇ ಶೇಕಡಾ 8ರ ಇಳಿಕೆ. ಶೇಕಡಾ 5ರ ಅಲರ್ಟ್ ಕೂಗಿಯೇ ಬಿಡುತ್ತದೆ. ಇಳಿದದ್ದು ಏನು? ಏನೂ ಇಲ್ಲ, ಏರಿದ್ದು ವಾಪಸ್ ಬಂತು ಅಷ್ಟೇ.

ಈಗ ಅಲೆಯ ಕಡೆ ಬರೋಣ. ಇಲ್ಲಿ ಹಳೆಯ ಕನಿಷ್ಠ ಬೆಲೆ ನೋಡಿ ಗೆರೆ ಎಳೆದರೆ ಸಾಲದು. ಮೊದಲು ತಿಳಿಯಬೇಕಾದ್ದು, ಈ ಶೇರು ಸುಮ್ಮನೆ ಇದ್ದಾಗಲೂ ದಿನಕ್ಕೆ ಎಷ್ಟು ಅಲ್ಲಾಡುತ್ತದೆ ಅನ್ನುವುದು. ಇದನ್ನು ಯಾರು ಬೇಕಾದರೂ ಸ್ಪ್ರೆಡ್‌ಶೀಟ್‌ನಲ್ಲಿ ಐದು ನಿಮಿಷದಲ್ಲಿ ಮಾಡಬಹುದು. B ಕಾಲಂನಲ್ಲಿ 2ನೇ ಸಾಲಿನಿಂದ 62ನೇ ಸಾಲಿನವರೆಗೆ ಕಳೆದ 61 ವಹಿವಾಟಿನ ದಿನಗಳ ಮುಕ್ತಾಯದ ಬೆಲೆಗಳನ್ನು ಹಳೆಯದರಿಂದ ಹೊಸದಕ್ಕೆ ಹಾಕಿ. ಆಮೇಲೆ ಇವು:

```
C3:  =B3/B2-1
E1:  =STDEV(C3:C62)
E2:  =E1*SQRT(21)
```

C3 ಅನ್ನು ಕೊನೆಯ ಸಾಲಿನವರೆಗೆ ಎಳೆಯಿರಿ. E1ರಲ್ಲಿ ಬರುವುದು ಒಂದು ದಿನದ ಮಾಮೂಲಿ ಅಲ್ಲಾಟ. E2ರಲ್ಲಿ ಬರುವುದು ಒಂದು ತಿಂಗಳದ್ದು, ಯಾಕೆಂದರೆ ತಿಂಗಳಿಗೆ ವಹಿವಾಟಿನ ದಿನಗಳು ಸುಮಾರು 21. ದಿನದ ಅಲ್ಲಾಟ ಶೇಕಡಾ 2 ಇದ್ದರೆ ತಿಂಗಳಿಗೆ 42 ಆಗಬೇಕಲ್ವಾ ಅನ್ನಬಹುದು. ಹಾಗಾಗುವುದಿಲ್ಲ. ಒಂದು ದಿನ ಏರಿದ್ದನ್ನು ಇನ್ನೊಂದು ದಿನದ ಇಳಿತ ತಿಂದುಹಾಕುತ್ತದೆ. ಅದಕ್ಕೇ 21ರಿಂದ ಗುಣಿಸದೆ ಅದರ ವರ್ಗಮೂಲದಿಂದ, ಅಂದರೆ ಸುಮಾರು 4.6ರಿಂದ ಗುಣಿಸುತ್ತೇವೆ. ಶೇಕಡಾ 2ರ ಶೇರಿಗೆ ತಿಂಗಳ ಅಲ್ಲಾಟ ಸುಮಾರು ಶೇಕಡಾ 9.

ಒಂದು ಶೇರು ಈಗ 500ರಲ್ಲಿದೆ, ದಿನಕ್ಕೆ ಶೇಕಡಾ 2 ಅಲ್ಲಾಡುತ್ತದೆ ಅಂದುಕೊಳ್ಳಿ. ಶೇಕಡಾ 5 ಕೆಳಗೆ, 475ಕ್ಕೆ ಅಲರ್ಟ್ ಇಟ್ಟಿದ್ದೀರಿ. ಯಾವ ಸುದ್ದಿಯೂ ಇಲ್ಲದೆ, ಬರೀ ಅಲ್ಲಾಟದಿಂದಲೇ ಒಂದು ತಿಂಗಳೊಳಗೆ ಆ ಗೆರೆ ಮುಟ್ಟುವ ಸಾಧ್ಯತೆ ಎಷ್ಟು? ಲೆಕ್ಕ ಮಾಡಿದರೆ ನೂರಕ್ಕೆ ಸುಮಾರು 59 ಬರುತ್ತದೆ. ಅರ್ಧಕ್ಕಿಂತ ಜಾಸ್ತಿ! 450ಕ್ಕೆ ಇಟ್ಟರೆ ನೂರಕ್ಕೆ ಸುಮಾರು 28. 425ಕ್ಕೆ ಇಟ್ಟರೆ ಸುಮಾರು 10. ನನ್ನ ಶೇಕಡಾ 3ರ ಅಲರ್ಟ್‌ಗಳು ಯಾಕೆ ಹಾಗೆ ಕೂಗುತ್ತಿದ್ದವು ಅನ್ನುವುದು ಇಲ್ಲಿ ಕಾಣುತ್ತದೆ. ಅವು ಅಲೆಯ ಒಳಗೇ ಕೂತಿದ್ದವು.

ಈ ಲೆಕ್ಕದ ಒಳಗೆ ಒಂದು ಸಣ್ಣ ವಿಷಯವಿದೆ, ನನಗೆ ಇಡೀ ವಿಷಯ ತಿಳಿಯಾದದ್ದು ಅದರಿಂದ. ತಿಂಗಳ ಕೊನೆಯ ದಿನ ಬೆಲೆ ಗೆರೆಗಿಂತ ಕೆಳಗೆ ಇರುವ ಸಾಧ್ಯತೆಗಿಂತ, ತಿಂಗಳ ನಡುವೆ ಯಾವಾಗಲಾದರೂ ಒಮ್ಮೆ ಗೆರೆ ಮುಟ್ಟುವ ಸಾಧ್ಯತೆ ಎರಡು ಪಟ್ಟು. ಯಾಕೆ? ಗೆರೆ ಮುಟ್ಟಿದ ಆ ಗಳಿಗೆಯಿಂದ ಮುಂದೆ ಬೆಲೆ ಮೇಲೆ ಹೋಗುವ ಅವಕಾಶ ಎಷ್ಟೋ ಕೆಳಗೆ ಹೋಗುವ ಅವಕಾಶವೂ ಅಷ್ಟೇ. ಹಾಗಾಗಿ ಮುಟ್ಟಿದವುಗಳಲ್ಲಿ ಅರ್ಧದಷ್ಟು ತಿಂಗಳ ಕೊನೆಗೆ ಮತ್ತೆ ಗೆರೆಯ ಮೇಲೆ ಬಂದು ಕೂತಿರುತ್ತವೆ. ಅಲರ್ಟ್ ಬಂದ ತಕ್ಷಣ ಗಾಬರಿಯಿಂದ ಮಾರುವವರು ನೆನಪಿಡಬೇಕಾದ್ದು ಇದನ್ನೇ. ಬರೀ ಅಲ್ಲಾಟವೇ ಕಾರಣವಾಗಿದ್ದರೆ, ಎರಡು ಸಲಕ್ಕೊಮ್ಮೆ ತಿಂಗಳ ಕೊನೆಗೆ ಬೆಲೆ ತಾನಾಗಿಯೇ ಗೆರೆಯ ಮೇಲೆ ಮರಳಿರುತ್ತದೆ.

ನಿಜವಾದ ಮಾರುಕಟ್ಟೆ ಈ ಲೆಕ್ಕದಷ್ಟು ಶಿಸ್ತಿನದ್ದಲ್ಲ. ದೊಡ್ಡ ಕುಸಿತಗಳು ಈ ಲೆಕ್ಕ ಹೇಳುವುದಕ್ಕಿಂತ ಹೆಚ್ಚು ಸಲ ಬರುತ್ತವೆ, ಲೆಕ್ಕಪತ್ರ ಬರುವ ವಾರದಲ್ಲಿ ಅಲ್ಲಾಟವೇ ಬದಲಾಗುತ್ತದೆ. ಆದರೂ ಗೆರೆ ಅಲೆಯ ಒಳಗಿದೆಯೋ ಹೊರಗಿದೆಯೋ ಅಂತ ತಿಳಿಯಲು ಇಷ್ಟು ಸಾಕು.

ನಾನು ಈಗ ಮಾಡುವುದು ಹೀಗೆ. ಪ್ರತಿ ಶೇರಿಗೆ ಎರಡು ಗೆರೆ. ಮೊದಲನೆಯದು E2ರಷ್ಟು ಕೆಳಗೆ, ಮೇಲಿನ ಉದಾಹರಣೆಯಲ್ಲಿ 455ರ ಆಸುಪಾಸು. ಅದು ಕೂಗಿದರೆ ಸುದ್ದಿ ಓದುವುದು, ಇಡೀ ಮಾರುಕಟ್ಟೆಯೇ ಇಳಿದಿದೆಯಾ ಇದೊಂದೇ ಇಳಿದಿದೆಯಾ ಅಂತ ನೋಡುವುದು. ಅವತ್ತು ಕೊಳ್ಳುವುದೂ ಇಲ್ಲ, ಮಾರುವುದೂ ಇಲ್ಲ. ಎರಡನೆಯದು ಮೊದಲೇ ನಿರ್ಧಾರ ಮಾಡಿಕೊಂಡ ಬೆಲೆ: ಈ ಬೆಲೆಗೆ ಸಿಕ್ಕರೆ ಇಷ್ಟು ಕೊಳ್ಳುತ್ತೇನೆ, ಅಥವಾ ಇಷ್ಟು ಕೆಳಗೆ ಬಂದರೆ ನನ್ನ ಅಂದಾಜು ತಪ್ಪಾಗಿತ್ತು ಅಂತ ಹೊರಗೆ ಬರುತ್ತೇನೆ. ಆ ಎರಡನೇ ಅಂಕಿ ಅಲ್ಲಾಟದಿಂದ ಬರುವುದಿಲ್ಲ. ಕಂಪನಿಗೆ ಎಷ್ಟು ಬೆಲೆ ಸರಿ, ನನಗೆ ಎಷ್ಟು ನಷ್ಟ ತಡೆದುಕೊಳ್ಳಲು ಆಗುತ್ತದೆ ಅನ್ನುವುದರಿಂದ ಬರುತ್ತದೆ. ಅಲ್ಲಾಟದ ಲೆಕ್ಕ ಹೇಳುವುದು ಆ ಅಂಕಿ ತೀರಾ ಹತ್ತಿರವಾಯಿತಾ ಅಂತ ಮಾತ್ರ.

ಶೇಕಡಾ ಅಲರ್ಟ್‌ನ ತೊಂದರೆ ಶೇರಿನಲ್ಲೂ ಇದೆ, ಬೇರೆ ರೂಪದಲ್ಲಿ. ತುಂಬಾ ಆಪ್‌ಗಳಲ್ಲಿ "ಶೇಕಡಾ 5 ಇಳಿದರೆ" ಅಂದರೆ ನಿನ್ನೆಯ ಮುಕ್ತಾಯದ ಬೆಲೆಗಿಂತ ಅಂತ ಅರ್ಥ. ಒಂದು ಶೇರು ದಿನಕ್ಕೆ ಶೇಕಡಾ 1.5ರಂತೆ ಸತತ ಹತ್ತು ದಿನ ಇಳಿಯಿತು ಅನ್ನಿ. ಒಟ್ಟು ಶೇಕಡಾ 14 ಹೋಯಿತು, ಅಲರ್ಟ್ ಒಂದು ಸಲವೂ ಬರಲಿಲ್ಲ. ಪ್ರತಿ ದಿನ ಅದು ಹೊಸದಾಗಿ ಎಣಿಸುತ್ತಿತ್ತು. ಮೆಲ್ಲಗೆ ಸೋರುವುದನ್ನು ಹಿಡಿಯಬೇಕಾದರೆ ಶೇಕಡಾ ಬೇಡ, ಬೆಲೆಯನ್ನೇ ಹಾಕಬೇಕು.

ಗೆರೆ ಸರಿಯಾಗಿ ಇಟ್ಟ ಮೇಲೂ ಒಂದು ಕಿರಿಕಿರಿ ಇರುತ್ತದೆ. 450ಕ್ಕೆ ಇಟ್ಟಿದ್ದೀರಿ, ಬೆಲೆ ಅಲ್ಲೇ ಬಂದು ಓಡಾಡುತ್ತಿದೆ: 451, 449.80, 450.60, 449.50. ಒಂದು ಗಂಟೆಯಲ್ಲಿ ಏಳೆಂಟು ಸಲ ದಾಟುತ್ತದೆ, ಅಷ್ಟೂ ಸಲ ಫೋನ್ ಕೂಗುತ್ತದೆ. ಫ್ರಿಜ್ ಹೀಗೆ ಮಾಡುವುದಿಲ್ಲ, ಗಮನಿಸಿ. ಅದರ ಮೋಟರ್ ಒಂದು ತಾಪಮಾನದಲ್ಲಿ ಶುರುವಾಗಿ, ಅದಕ್ಕಿಂತ ಕೆಳಗಿನ ಇನ್ನೊಂದರಲ್ಲಿ ನಿಲ್ಲುತ್ತದೆ, ನಡುವಿನ ಜಾಗದಲ್ಲಿ ಸುಮ್ಮನಿರುತ್ತದೆ. ಅಲರ್ಟ್‌ಗೂ ಇದೇ ಬೇಕು. ಒಂದೇ ಸಲ ಕೂಗುವಂತೆ ಇಟ್ಟು, ಬೆಲೆ ಮತ್ತೆ ಒಂದು ದಿನದ ಅಲ್ಲಾಟದಷ್ಟು, ಅಂದರೆ ಇಲ್ಲಿ 459ರ ತನಕ ಏರಿದ ಮೇಲಷ್ಟೇ ಇನ್ನೊಮ್ಮೆ ಆನ್ ಮಾಡಿ. TradingViewನಂಥ ಚಾರ್ಟ್ ಸೈಟ್‌ಗಳಲ್ಲಿ `Once Per Bar Close` ಅನ್ನುವ ಆಯ್ಕೆ ಇದೆ. ದಿನದ ಚಾರ್ಟ್ ಮೇಲೆ ಅದನ್ನು ಇಟ್ಟರೆ ನಡುವೆ ಎಷ್ಟು ಸಲ ಮುಟ್ಟಿದರೂ ಸುಮ್ಮನಿದ್ದು, ದಿನ ಮುಗಿದಾಗ ಬೆಲೆ ಗೆರೆಯ ಕೆಳಗೇ ಉಳಿದರೆ ಮಾತ್ರ ತಿಳಿಸುತ್ತದೆ. ಅಷ್ಟು ಹೊತ್ತಿಗೆ ಮಾರುಕಟ್ಟೆ ಮುಚ್ಚಿರುತ್ತದೆ ನಿಜ. ದಿನವಿಡೀ ಪರದೆ ಮುಂದೆ ಕೂರದವರಿಗೆ ಅದೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ, ರಾತ್ರಿ ಕೂತು ಯೋಚಿಸಲು ಸಮಯ ಸಿಗುತ್ತದೆ.

ಅಲರ್ಟ್ ಅಂದರೆ ಬರೀ ಸಂದೇಶ, ಅದು ನಿಮ್ಮ ಪರವಾಗಿ ಏನನ್ನೂ ಮಾರುವುದಿಲ್ಲ. ಇದು ಗೊತ್ತಿದ್ದರೂ ಜನ ಎಡವುವ ಜಾಗ ಒಂದಿದೆ. ಶೇರು ಸಂಜೆ 468ಕ್ಕೆ ಮುಗಿಯಿತು. ರಾತ್ರಿ ಕೆಟ್ಟ ಸುದ್ದಿ ಬಂತು. ಬೆಳಿಗ್ಗೆ ನೇರ 431ಕ್ಕೆ ತೆರೆಯಿತು. ನಿಮ್ಮ ಫೋನ್‌ನಲ್ಲಿ "450ಕ್ಕಿಂತ ಕೆಳಗೆ ಬಂದಿದೆ" ಅಂತ ಇರುತ್ತದೆ. ನೀವು 450 ಅಂತಲೇ ಅಂದುಕೊಂಡು ಆ ಬೆಲೆಗೆ ಮಾರುವ ಲಿಮಿಟ್ ಆರ್ಡರ್ ಹಾಕಿದರೆ ಅದು ಹಾಗೇ ತೂಗಾಡುತ್ತದೆ, ಬೆಲೆ ಅಲ್ಲಿಗೆ ಮರಳಿ ಏರುವವರೆಗೆ ಮಾರಾಟವಾಗುವುದಿಲ್ಲ. 450ಕ್ಕೆ ಇಳಿದರೆ ಸಿಕ್ಕ ಬೆಲೆಗೆ ಮಾರು ಅನ್ನುವ ಸ್ಟಾಪ್‌ಲಾಸ್ ಮಾರ್ಕೆಟ್ ಆರ್ಡರ್ ಇಟ್ಟಿದ್ದರೆ ಮಾರಾಟವಾಗುತ್ತಿತ್ತು, ಆದರೆ 431ರ ಆಸುಪಾಸಿನಲ್ಲಿ, 450ರಲ್ಲಿ ಅಲ್ಲ. ಅಲರ್ಟ್‌ನಲ್ಲಿರುವ ಅಂಕಿ ನೀವು ಎಳೆದ ಗೆರೆ, ಈಗಿನ ಬೆಲೆಯಲ್ಲ. ಆರ್ಡರ್ ಹಾಕುವ ಮುಂಚೆ ಈಗಿನ ಬೆಲೆ ತೆರೆದು ನೋಡಲೇಬೇಕು.

ಒಂದು ದಿನ ಶೇಕಡಾ 50 ಕುಸಿತ ಅಂತ ಅಲರ್ಟ್ ಬಂದರೆ ಮೊದಲು ಶೇರು ವಿಭಜನೆಯಾಗಿದೆಯಾ ಅಂತ ನೋಡಿ. 500ರ ಒಂದು ಶೇರು 250ರ ಎರಡಾದಾಗ ನಿಮ್ಮ ದುಡ್ಡು ಅಷ್ಟೇ ಇರುತ್ತದೆ, ಆದರೆ ಹಳೆಯ 450ರ ಗೆರೆಯನ್ನು ಕೆಲವು ಆಪ್‌ಗಳು ತಾವಾಗಿ 225 ಮಾಡುವುದಿಲ್ಲ. ಖಾತೆಯಲ್ಲಿ ಶೇರುಗಳ ಸಂಖ್ಯೆ ಎರಡು ಪಟ್ಟಾಗಿದೆಯಾ ಅಂತ ನೋಡಿದರೆ ಗೊತ್ತಾಗುತ್ತದೆ. ಸಂಖ್ಯೆ ಏರಲು ಕೆಲವು ಸಲ ಒಂದೆರಡು ದಿನ ಹಿಡಿಯಬಹುದು, ಆಗ ಕಂಪನಿಯ ಪ್ರಕಟಣೆ ನೋಡಿ.

ಕೊನೆಗೆ ಫೋನ್. ಆಂಡ್ರಾಯ್ಡ್ 6.0ರಿಂದ ಡೋಜ್ ಅಂತ ಒಂದು ವ್ಯವಸ್ಥೆ ಇದೆ. ಚಾರ್ಜ್‌ಗೆ ಹಾಕದ ಫೋನ್ ಪರದೆ ಆರಿ ಮೇಜಿನ ಮೇಲೆ ಬಹಳ ಹೊತ್ತು ಅಲುಗದೆ ಇದ್ದರೆ ಬ್ಯಾಟರಿ ಉಳಿಸಲು, ತುರ್ತು ಅಂತ ಗುರುತು ಹಾಕದ ಸಂದೇಶಗಳನ್ನು ತಡೆದಿಟ್ಟು ಆಮೇಲೆ ಒಟ್ಟಿಗೆ ಕೊಡುತ್ತದೆ. ನಿಮ್ಮ ಅಲರ್ಟ್ ಎಷ್ಟು ತಡವಾಗಿ ಬರುತ್ತದೆ ಅಂತ ತಿಳಿಯಲು, ಮಾರುಕಟ್ಟೆ ನಡೆಯುವಾಗ ಈಗಿನ ಬೆಲೆಗೆ ತೀರಾ ಹತ್ತಿರ ಒಂದು ಅಲರ್ಟ್ ಇಡಿ. ಫೋನ್ ಪರದೆ ಆರಿಸಿ, ಚಾರ್ಜ್‌ಗೆ ಹಾಕದೆ ಅರ್ಧ ಗಂಟೆಗೂ ಹೆಚ್ಚು ಪಕ್ಕಕ್ಕಿಟ್ಟುಬಿಡಿ. ಆಮೇಲೆ ಬೆಲೆ ಗೆರೆ ದಾಟಿದ ಸಮಯವನ್ನು ಚಾರ್ಟ್‌ನಲ್ಲಿ, ಸಂದೇಶ ಬಂದ ಸಮಯವನ್ನು ಫೋನ್‌ನಲ್ಲಿ ನೋಡಿ ಹೋಲಿಸಿ. ನನ್ನದರಲ್ಲಿ ಮೊದಲ ಸಲ 11 ನಿಮಿಷ ತಡವಾಗಿತ್ತು. ಸೆಟ್ಟಿಂಗ್ಸ್‌ನಲ್ಲಿ ಆ ಆಪ್‌ಗೆ ಬ್ಯಾಟರಿ ಮಿತಿ ತೆಗೆದ ಮೇಲೆ ಮತ್ತೆ ಇಟ್ಟು ನೋಡಿದೆ, ಕೆಲವೇ ಸೆಕೆಂಡುಗಳಲ್ಲಿ ಬಂತು.